ಭಾಷಣದ ಸೆರಗು

ಬಾಗಲಕೋಟೆಯ ಯಾವುದೋ ಒಂದು ಸಭಾಭವನದಲ್ಲಿ ಸಂಜೆಯ ಕಾರ್ಯಕ್ರಮ ನಡೆದಿದೆಯೆಂದು ಭಾವಿಸಿರಿ. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ಸೊಗಸಾಗಿಯೇ ಮಾತನಾಡಿದ್ದಾರೆ. ಸಭಿಕರು ನಕ್ಕಿದ್ದಾರೆ, ಎರಡು ಬಾರಿ ಚಪ್ಪಾಳೆ ತಟ್ಟಿದ್ದಾರೆ, ಹಿಂದಿನ ಸಾಲಿನ ಹುಡುಗರು ಕೂಡ ಸುಮ್ಮನಿದ್ದಾರೆ. ಆಗ ಅತಿಥಿಗಳು ಕೈಗಡಿಯಾರ ನೋಡಿಕೊಂಡು ಹೇಳುತ್ತಾರೆ: “ಇಷ್ಟು ಹೇಳಿ, ನನಗೆ ಅವಕಾಶ ಮಾಡಿಕೊಟ್ಟ ಸಂಘದ ಪದಾಧಿಕಾರಿಗಳಿಗೂ, ಶಾಂತಚಿತ್ತದಿಂದ ಆಲಿಸಿದ ತಮಗೂ ವಂದಿಸಿ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ.” ಮಾತು ಮುಗಿಯುವ ಮೊದಲೇ ಸಭೆಯ ಅರ್ಧದಷ್ಟು ಕಾಲುಗಳು ಕುರ್ಚಿಯ ಕೆಳಗೆ ಚಪ್ಪಲಿಗಳನ್ನು ಹುಡುಕುತ್ತಿರುತ್ತವೆ.

ವಂದನೆ ಸಲ್ಲಿಸುವುದು ಸೌಜನ್ಯ, ಅದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ಸಭೆಗಳಲ್ಲಿ ವಂದನಾರ್ಪಣೆಗೆಂದೇ ಒಬ್ಬರನ್ನು ನೇಮಿಸಿರುತ್ತಾರೆ. ಅವರು ಧ್ವನಿವರ್ಧಕದವನಿಂದ ಶಾಮಿಯಾನದವನವರೆಗೆ ಯಾರನ್ನೂ ಬಿಡುವುದಿಲ್ಲ. ಅಂದಮೇಲೆ ಭಾಷಣಕಾರರೂ ತಮ್ಮ ಕೊನೆಯ ವಾಕ್ಯವನ್ನು ಅದೇ ಕೆಲಸಕ್ಕೆ ವೆಚ್ಚ ಮಾಡಿದರೆ ಆ ವಾಕ್ಯ ವ್ಯರ್ಥವಾದಂತೆಯೇ. ಮನೆಗೆ ಹೋಗುವವನ ಕಿವಿಯಲ್ಲಿ ಕಟ್ಟಕಡೆಗೆ ಉಳಿಯಬೇಕಾದುದು ಮುಂದೆ ಅವನು ಮಾಡಬೇಕಾದ ಕೆಲಸ.

ಇದನ್ನು ಬಲ್ಲವರೊಬ್ಬರು ಇದೇ ಸೀಮೆಯಲ್ಲಿ ಇದ್ದರು. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಹೆಗಲಿಗೆ ಒಂದು ಜೋಳಿಗೆ ಹಾಕಿಕೊಂಡು ಊರೂರು ತಿರುಗಲು ಆರಂಭಿಸಿದರು. ಸ್ವಾಮಿಗಳು ಜೋಳಿಗೆ ಹಿಡಿದು ಬಂದರೆ ಜೋಳ, ಕಾಸು ಹಾಕುವುದು ರೂಢಿ. ಇವರು ಬೇಡಿದ ಭಿಕ್ಷೆ ಬೇರೆ: ಕುಡಿತ, ತಂಬಾಕು, ಬೀಡಿ, ಸಿಗರೇಟುಗಳ ಚಟವನ್ನು ಅದರೊಳಗೆ ಹಾಕಿಬಿಡಿರೆಂದರು. ಕೇಳಿದವರು ಜೇಬಿನಲ್ಲಿದ್ದ ತಂಬಾಕಿನ ಚೀಟಿಯನ್ನೋ ಬೀಡಿಯ ಕಟ್ಟನ್ನೋ ತೆಗೆದು ಜೋಳಿಗೆಗೆ ಹಾಕಿ, ಇನ್ನು ಮುಟ್ಟುವುದಿಲ್ಲವೆಂದು ಮಾತು ಕೊಡುತ್ತಿದ್ದರು. ‘ಮಹಾಂತ ಜೋಳಿಗೆ’ ಎಂಬ ಹೆಸರು ಹೀಗೆ ನಾಡಿಗೆಲ್ಲ ತಿಳಿಯಿತು. ಸ್ವಾಮಿಗಳು 2018ರ ಮೇ ತಿಂಗಳಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರ ‘ವ್ಯಸನಮುಕ್ತ ದಿನ’ವನ್ನಾಗಿ ಆಚರಿಸುತ್ತದೆ.

ಧರ್ಮದ ವಿಚಾರವನ್ನು ಬದಿಗಿಟ್ಟು, ಕೇವಲ ಮಾತಿನ ಕಲೆಯ ದೃಷ್ಟಿಯಿಂದ ಆ ಜೋಳಿಗೆಯನ್ನೊಮ್ಮೆ ನೋಡಬೇಕು. ಕುಡಿತದ ಕೇಡನ್ನು ಕುರಿತು ಉಪನ್ಯಾಸ ಮಾಡಿದವರು ಲೆಕ್ಕವಿಲ್ಲದಷ್ಟು ಮಂದಿ. ಅವರಲ್ಲಿ ಬಹುಪಾಲು ಜನ “ಸಮಾಜ ವ್ಯಸನಮುಕ್ತವಾಗಬೇಕು, ಯುವಕರು ಎಚ್ಚೆತ್ತುಕೊಳ್ಳಬೇಕು” ಎಂದು ಮುಗಿಸಿದವರೇ. ಸಮಾಜವೆಂದರೆ ಯಾರು? ಎದುರಿಗೆ ಕುಳಿತ ಬಸಪ್ಪನೋ ಹುಸೇನಸಾಬನೋ ತನ್ನನ್ನೇ ಕರೆದರೆಂದು ತಿಳಿಯುವುದಿಲ್ಲ. ಎಚ್ಚೆತ್ತುಕೊಳ್ಳುವುದೆಂದರೆ ಕೈಯಿಂದ ಮಾಡುವ ಯಾವ ಕೆಲಸ? ಅದೂ ಹೊಳೆಯುವುದಿಲ್ಲ. ಜೋಳಿಗೆಯ ಮುಂದೆ ಈ ಎರಡು ಸಂದೇಹಗಳಿಗೂ ಎಡೆಯಿಲ್ಲ. ಜೇಬಿನಲ್ಲಿರುವುದು ಯಾರ ವಸ್ತುವೋ ಅವನೇ ಹಾಕಬೇಕು. ಹಾಕುವ ಸ್ಥಳ ಕಣ್ಣಿನ ಮುಂದಿದೆ. ಹಾಕುವ ಹೊತ್ತು ಇದೇ ಕ್ಷಣ. ಇದಲ್ಲದೆ ನೆರೆಹೊರೆಯವರೂ ಮನೆಯವರೂ ನೋಡುತ್ತಿರುತ್ತಾರಾಗಿ, ನಾಳೆ ಮತ್ತೆ ಅಂಗಡಿಯ ಮುಂದೆ ಕೈ ಚಾಚಲು ಕೊಂಚ ನಾಚಿಕೆಯಾದರೂ ಆದೀತು.

ಕೇಡನ್ನು ಹೇಳಿ ಹೆದರಿಸಿದರೆ ಸಾಲದೆ ಎಂದು ಯಾರಾದರೂ ಕೇಳಬಹುದು. ಹೆದರಿಸಿ ಮುಗಿಸುವ ಪದ್ಧತಿಯೂ ಈ ನೆಲದಲ್ಲಿ ಹಳೆಯದೇ. ಬಾದಾಮಿಯ ಮೂರನೆಯ ಗುಹೆಯ ಬಳಿ ಚಾಲುಕ್ಯ ಮಂಗಳೇಶನ ಕನ್ನಡ ಶಾಸನವಿದೆ. ಕಲ್ಲಿನ ದೇಗುಲಕ್ಕೆ ಒಂದು ಊರನ್ನು ದತ್ತಿ ಬಿಟ್ಟುದನ್ನು ಹೇಳಿದ ಮೇಲೆ, ಇದನ್ನು ಅಳಿದವನು ಪಂಚಮಹಾಪಾತಕಿಯಾಗುತ್ತಾನೆ, ಏಳನೆಯ ನರಕದ ಹುಳುವಾಗುತ್ತಾನೆ ಎಂದು ಆ ಶಾಸನ ಎಚ್ಚರಿಸುತ್ತದೆ. ಆರನೆಯ ಶತಮಾನದ ಅರಸನಿಗೂ ಕೊನೆಯ ಸಾಲು ವಂದನೆಗೆ ಮೀಸಲಾದುದಲ್ಲವೆಂದು ಗೊತ್ತಿತ್ತು! ಆದರೆ ಶಾಸನ ಬೇಡುವುದು ‘ಮಾಡಬೇಡ’ ಎಂಬ ಒಂದನ್ನೇ. ಏನನ್ನೂ ಮಾಡದಿರಲು ಭಯ ಸಾಕಾಗಬಹುದು. ಎದ್ದು ಹೋಗಿ ಒಂದು ಕೆಲಸ ಮಾಡಿಬರಲು ಸಾಕಾಗುವುದಿಲ್ಲ.

ಇದನ್ನು ಅಳೆದು ನೋಡಿದ ಪ್ರಯೋಗವೊಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆಯಿತು. ಹೊವರ್ಡ್ ಲೆವೆಂಥಾಲ್ ಮತ್ತು ಸಂಗಡಿಗರು 1965ರಲ್ಲಿ ಅದನ್ನು ಪ್ರಕಟಿಸಿದರು. ಧನುರ್ವಾಯು ಬಾರದಂತೆ ಚುಚ್ಚುಮದ್ದು ಹಾಕಿಸಿಕೊಳ್ಳಬೇಕೆಂಬ ಪುಸ್ತಿಕೆಯನ್ನು ಅಲ್ಲಿನ ವಿದ್ಯಾರ್ಥಿಗಳಿಗೆ ಓದಲು ಕೊಟ್ಟರು. ಕೆಲವರ ಪುಸ್ತಿಕೆಯಲ್ಲಿ ರೋಗದ ಭೀಕರ ವರ್ಣನೆಯಿತ್ತು, ಕೆಲವರದರಲ್ಲಿ ಸೌಮ್ಯ ವಿವರಣೆಯಿತ್ತು. ಇನ್ನೊಂದು ವ್ಯತ್ಯಾಸವನ್ನೂ ಮಾಡಿದ್ದರು. ಕೆಲವರಿಗೆ ಮಾತ್ರ ಆರೋಗ್ಯ ಕೇಂದ್ರವನ್ನು ಗುರುತಿಸಿದ ನಕಾಶೆಯನ್ನು ಕೊಟ್ಟು, ವಾರದ ಪಾಠವೇಳೆಯನ್ನು ನೋಡಿ ಯಾವಾಗ ಹೋಗಲು ಅನುಕೂಲವೆಂದು ಯೋಚಿಸಿಕೊಳ್ಳಲು ಹೇಳಿದರು. ಭೀಕರ ವರ್ಣನೆ ಓದಿದವರು ಚುಚ್ಚುಮದ್ದಿನ ಅಗತ್ಯವನ್ನು ಹೆಚ್ಚು ಉತ್ಸಾಹದಿಂದ ಒಪ್ಪಿದರೇನೋ ನಿಜ. ಆದರೆ ಎದ್ದುಹೋಗಿ ಹಾಕಿಸಿಕೊಂಡವರನ್ನು ಎಣಿಸಿದಾಗ ಹೆದರಿದವರಿಗೂ ಹೆದರದವರಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಅಂತರ ಕಂಡುದು ನಕಾಶೆಯಲ್ಲಿ: ಅದಿಲ್ಲದವರಲ್ಲಿ ಹೋದವರು ನೂರಕ್ಕೆ ಸುಮಾರು 3, ಇದ್ದವರಲ್ಲಿ ಸುಮಾರು 28. ಇಷ್ಟಾದರೂ, ರೋಗದ ವಿಷಯವನ್ನೇ ಹೇಳದೆ ಬರಿಯ ನಕಾಶೆ ಕೊಟ್ಟರೆ ಅದೂ ಫಲಿಸಲಿಲ್ಲ. ಆದಕಾರಣ ಕೊನೆಯ ವಾಕ್ಯ ಒಳ್ಳೆಯದಾದರೆ ಉಳಿದ ಭಾಷಣ ಹೇಗಿದ್ದರೂ ನಡೆಯುತ್ತದೆಂದು ಯಾರೂ ತಿಳಿಯಬೇಕಾಗಿಲ್ಲ.

ಇನ್ನು ಒಂದು ಭಾಷಣವನ್ನೇ ತೆಗೆದುಕೊಂಡು ನೋಡಬಹುದು. ಹುನಗುಂದದ ಒಂದು ಶಾಲೆಯ ಪಾಲಕರ ಸಭೆಗೆ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬಂದಿದ್ದಾರೆ ಎಂದಿಟ್ಟುಕೊಳ್ಳಿರಿ. ವಿಷಯ, ಮಕ್ಕಳ ಕಣ್ಣು. ಒಂದು ಕಣ್ಣು ಮಸುಕಾಗಿದ್ದರೂ ಇನ್ನೊಂದು ಚೆನ್ನಾಗಿದ್ದರೆ ಮಗುವಿಗೆ ಅದರ ಅರಿವೇ ಇರುವುದಿಲ್ಲ, ಅದು ದೂರುವುದೂ ಇಲ್ಲ. ಎಳೆಯ ವಯಸ್ಸಿನಲ್ಲಿ ಗುರುತಿಸಿದರೆ ಸರಿಪಡಿಸುವುದು ಸುಲಭ, ತಡವಾದಷ್ಟೂ ಕಷ್ಟ ಎಂದು ಅವರು ಚೆನ್ನಾಗಿ ವಿವರಿಸಿದರು. ಕೊನೆಗೆ, “ಆದ್ದರಿಂದ ಪಾಲಕರು ಮಕ್ಕಳ ಕಣ್ಣಿನ ಬಗ್ಗೆ ಕಾಳಜಿ ವಹಿಸಬೇಕೆಂದು ಹೇಳುತ್ತ, ಎಲ್ಲರಿಗೂ ವಂದಿಸಿ ಮುಗಿಸುತ್ತೇನೆ” ಎಂದರು. ಗೇಟಿನ ಬಳಿ ನಡೆದ ಸಂಭಾಷಣೆ ಹೀಗಿದ್ದೀತು:

“ಏನಂದ್ರೀ ಗೌಡ್ರ, ಮಾಸ್ತರ್ರು?”

“ಭಾಳ ಚಲೋ ಮಾತಾಡಿದ್ರು ಬಿಡ್ರಿ.”

“ಏನ್ ಮಾಡ್ರಿ ಅಂದ್ರು?”

“ಅದs... ಕಣ್ಣು ಚಲೋ ನೋಡ್ಕೋರಿ ಅಂದ್ರು.”

ಗೌಡರು ಕಿವುಡರಲ್ಲ, ಅಸಡ್ಡೆಯವರೂ ಅಲ್ಲ. ಹೇಳಿದ್ದೇ ಅಷ್ಟು.

ಅದೇ ಮುಖ್ಯೋಪಾಧ್ಯಾಯರು ಕರೆದವರಿಗೂ ಕೇಳಿದವರಿಗೂ ಸಲ್ಲಿಸಬೇಕಾದ ವಂದನೆಯನ್ನು ಭಾಷಣದ ಮೊದಲಲ್ಲಿಯೇ ಸಲ್ಲಿಸಿದ್ದರೆ, ಕೊನೆಯ ಮಾತಿಗೆ ಜಾಗ ತೆರವಾಗುತ್ತಿತ್ತು. ಆಗ ಅವರು ಹೀಗೆ ಹೇಳಬಹುದಿತ್ತು: “ತಾಯಂದಿರೆ, ಅಣ್ಣಗಳಿರಾ, ಇವತ್ತು ರಾತ್ರಿ ಊಟಕ್ಕೆ ಕೂಡುವ ಮೊದಲು ಮಗುವನ್ನು ಗೋಡೆಯ ಕ್ಯಾಲೆಂಡರಿನಿಂದ ಹತ್ತು ಅಡಿ ದೂರ ನಿಲ್ಲಿಸಿರಿ. ಒಂದು ಕಣ್ಣಿನ ಮೇಲೆ ನಿಮ್ಮ ಅಂಗೈಯನ್ನು ಒತ್ತದೆ ಮುಚ್ಚಿ ತಾರೀಖು ಓದಿಸಿರಿ. ಆಮೇಲೆ ಇನ್ನೊಂದು ಕಣ್ಣನ್ನು ಮುಚ್ಚಿ ಓದಿಸಿರಿ. ಯಾವ ಕಣ್ಣು ತಡವರಿಸಿದರೂ ಸೋಮವಾರ ಬೆಳಿಗ್ಗೆ ಮಗುವನ್ನು ಆಸ್ಪತ್ರೆಯ ಕಣ್ಣಿನ ವೈದ್ಯರಿಗೆ ತೋರಿಸಿರಿ.” ಇಷ್ಟು ಹೇಳಿ ಸುಮ್ಮನೆ ಕೈ ಮುಗಿದು ಕುಳಿತುಬಿಡಬೇಕು. ಕೈ ಮುಗಿದರೆ ಸೌಜನ್ಯಕ್ಕೆ ಕೊರತೆಯಾಗುವುದಿಲ್ಲ.

ಇಲ್ಲಿ ಕೆಲಸ ಒಂದೇ, ಹೊತ್ತು ಇಂದೇ ರಾತ್ರಿ, ಸಲಕರಣೆ ಎಲ್ಲರ ಮನೆಯಲ್ಲಿಯೂ ಇರುವ ಕ್ಯಾಲೆಂಡರ್. ಅಂಗೈ ಎಂದುದಕ್ಕೂ ಕಾರಣವಿದೆ. ಬೆರಳಿನಿಂದ ಮುಚ್ಚಿದರೆ ಮಕ್ಕಳು ಸಂದಿಯಿಂದ ಇಣುಕುತ್ತಾರೆ. ಇದು ವೈದ್ಯರ ತಪಾಸಣೆಗೆ ಬದಲಲ್ಲ, ಅಲ್ಲಿಗೆ ಕರೆದೊಯ್ಯುವ ಮೊದಲ ಹೆಜ್ಜೆ ಮಾತ್ರ. ಇದರ ಬೆನ್ನಿಗೆ “ಹಾಗೆಯೇ ಸೊಪ್ಪು ತಿನ್ನಿಸಿರಿ, ದೂರದರ್ಶನ ಕಡಿಮೆ ಮಾಡಿಸಿರಿ, ಶಾಲೆಯ ಕಟ್ಟಡ ನಿಧಿಗೂ ಸಹಾಯ ಮಾಡಿರಿ” ಎಂದು ಬಾಲ ಕಟ್ಟುವ ಆಸೆ ಸಹಜ. ಹಾಗೆ ಕಟ್ಟಿದೊಡನೆ ಕ್ಯಾಲೆಂಡರ್ ಮರೆತುಹೋಗುತ್ತದೆ, ನಾಲ್ಕರಲ್ಲಿ ಒಂದನ್ನೂ ಮಾಡದಿರಲು ಕೇಳಿದವರಿಗೆ ಸಲೀಸಾಗುತ್ತದೆ.

ಇಂಥ ವಾಕ್ಯ ವೇದಿಕೆಯ ಮೇಲೆ ನಿಂತಾಗ ಹೊಳೆಯುವಂಥದಲ್ಲ. ಇಳಕಲ್ ಸೀರೆಯ ನೇಕಾರರನ್ನು ನೋಡಿರಿ. ಸೆರಗಿನ ರೇಷ್ಮೆಯ ಹಾಸನ್ನು ಅವರು ಪ್ರತಿ ಸೀರೆಗೂ ಬೇರೆಯಾಗಿಯೇ ಅಣಿಮಾಡುತ್ತಾರೆ. ಅದನ್ನು ಒಡಲಿನ ಹಾಸಿಗೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಮಿಕ್ಕ ನೂಲಿನಲ್ಲಿ ಸೆರಗು ಮಾಡುವ ಪದ್ಧತಿ ಅಲ್ಲಿಲ್ಲ. ಭಾಷಣಕಾರನೂ ಮೊದಲು ಕೊನೆಯ ವಾಕ್ಯವನ್ನು ಬರೆದಿಟ್ಟುಕೊಂಡು, ಅದಕ್ಕೆ ಕೊಂಡಿ ಕೂಡುವ ವಿಷಯಗಳನ್ನು ಮಾತ್ರ ಒಡಲಿಗೆ ಆರಿಸಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಕಣ್ಣಿನ ಭಾಷಣದಲ್ಲಿ ‘ಒಂದು ಕಣ್ಣು ಮಸುಕಾದರೆ ಮಗುವಿಗೆ ತಿಳಿಯದು’ ಎಂಬ ಮಾತು ಬರದೆ ಇದ್ದರೆ, ಕಣ್ಣು ಮುಚ್ಚಿಸುವ ಸೂಚನೆ ಮಕ್ಕಳಾಟದಂತೆ ಕೇಳಿಸೀತು.

ಕರೆ ಕೊಡುವವರು ಒಂದು ವಿಷಯದಲ್ಲಿ ಎಚ್ಚರವಾಗಿರಬೇಕು. ಬೀಡಿಯ ಕಟ್ಟನ್ನು ಇಂದೇ ಎಸೆದವನಿಗೆ ಕೆಲವು ದಿನ ಚಡಪಡಿಕೆಯಾದೀತು, ಪ್ರಾಣಕ್ಕೆ ಅಪಾಯವಿಲ್ಲ. ಆದರೆ ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಒಂದೇ ದಿನದೊಳಗೆ ಕೈ ನಡುಗಿ ಬೆವರತೊಡಗಬಹುದು, ಎರಡು ಮೂರು ದಿನಗಳಲ್ಲಿ ಸೆಳವು ಬಂದು ಬುದ್ಧಿಭ್ರಮೆಯೂ ಆಗಬಹುದು. ಕೆಲವರಿಗೆ ಅದು ಪ್ರಾಣಾಂತಿಕವೂ ಹೌದು. ಅಂಥವರಿರುವ ಸಭೆಯಲ್ಲಿ “ಇಂದೇ ಬಿಡಿರಿ” ಎಂದಷ್ಟೇ ಹೇಳುವುದು ಅಪೂರ್ಣ. “ನಾಳೆ ಬೆಳಿಗ್ಗೆ ಮನೆಯವರೊಬ್ಬರನ್ನು ಕರೆದುಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಗಿರಿ, ವೈದ್ಯರು ಹೇಳಿದಂತೆ ಬಿಡಿರಿ” ಎಂಬುದು ಸರಿಯಾದ ಕೊನೆ. ಶ್ರದ್ಧಾಂಜಲಿ ಸಭೆಯಲ್ಲಿಯೋ ಮದುವೆಯ ಮನೆಯಲ್ಲಿಯೋ ಯಾವ ಕರೆಯೂ ಬೇಡ. ಅಲ್ಲಿ ಎರಡು ಒಳ್ಳೆಯ ಮಾತನಾಡಿ ಕುಳಿತರೆ ಸಾಕು.

ಭಾಷಣಕಾರರು ಎಷ್ಟೇ ಚೆನ್ನಾಗಿ ಮುಗಿಸಿದರೂ ಕೆಲಸ ಕೆಡಿಸಬಲ್ಲವರು ಇನ್ನೊಬ್ಬರಿದ್ದಾರೆ: ವಂದನಾರ್ಪಣೆಯವರು. ಅವರ ಹತ್ತು ನಿಮಿಷದ ಹೆಸರುಪಟ್ಟಿಯಲ್ಲಿ ಕ್ಯಾಲೆಂಡರೂ ಸೋಮವಾರವೂ ಮುಳುಗಿಹೋಗುತ್ತವೆ. ಜೋಳಿಗೆ ಜನರ ಎದುರಿಗೇ ಬರುತ್ತಿದ್ದುದರಿಂದ ಇಳಕಲ್ಲಿನ ಸ್ವಾಮಿಗಳಿಗೆ ಈ ತೊಡಕು ಇರಲಿಲ್ಲ. ಸಭೆಯ ವ್ಯವಸ್ಥಾಪಕರು ವಂದನಾರ್ಪಣೆಯನ್ನು ಮುಖ್ಯ ಭಾಷಣಕ್ಕಿಂತ ಮುಂಚೆಯೇ ಇರಿಸಿಕೊಳ್ಳಬಹುದು. ಪದ್ಧತಿ ಬಿಡಲು ಮನಸ್ಸು ಬಾರದಿದ್ದರೆ, ವಂದಿಸುವವರ ಚೀಟಿಯ ತುದಿಯಲ್ಲಿ, ಶಾಮಿಯಾನದವನ ಹೆಸರಿನ ಕೆಳಗೆ, “ಇವತ್ತು ರಾತ್ರಿ, ಕ್ಯಾಲೆಂಡರ್, ಹತ್ತು ಅಡಿ” ಎಂದು ಮೊದಲೇ ಬರೆದು ಕೊಟ್ಟಿರಬೇಕು.