ಲೋಲಕವನ್ನು ಹಿಂಬಾಲಿಸುವ ಕಿಟಕಿ

ಅಡ್ಡವಾಗಿ ತೆಗೆದ ವೀಡಿಯೊವನ್ನು ಕಿರುವೀಡಿಯೊಗಳ ನೀಳ ಪರದೆಗೆ ಹೊಂದಿಸುವಾಗ ಮುಖ್ಯ ವಸ್ತು ಕತ್ತರಿಸಿಹೋಗಬಾರದೆಂಬ ಎಚ್ಚರ ಎಲ್ಲರಲ್ಲಿಯೂ ಉಂಟು. ವಸ್ತುವು ಚೌಕಟ್ಟಿನೊಳಗೆ ಉಳಿದರೆ ಕೆಲಸ ಮುಗಿಯಿತೆಂದು ಬಹುಮಂದಿ ತಿಳಿಯುತ್ತಾರೆ. ಈ ತಿಳಿವಳಿಕೆ ಸಾಲದೆಂಬುದು ನನ್ನ ಅಭಿಪ್ರಾಯ. ವಿಜ್ಞಾನದ ಪ್ರಯೋಗಗಳನ್ನು ತೋರಿಸುವಾಗಲಂತೂ ಅದು ನೋಡುವವರನ್ನು ದಾರಿತಪ್ಪಿಸುತ್ತದೆ.

ಮೊದಲು ಲೆಕ್ಕವನ್ನು ನೋಡೋಣ. ಸಾಮಾನ್ಯವಾದ ಅಡ್ಡ ವೀಡಿಯೊ 1920 ಪಿಕ್ಸೆಲ್ ಅಗಲ, 1080 ಪಿಕ್ಸೆಲ್ ಎತ್ತರವಿರುತ್ತದೆ. ನೀಳ ಪರದೆಗೆ ಬೇಕಾದುದು 1080 ಅಗಲ, 1920 ಎತ್ತರ. ಮೂಲದ ಎತ್ತರವನ್ನೆಲ್ಲ ಉಳಿಸಿಕೊಂಡು ಈ ಪ್ರಮಾಣದ ಕಿಟಕಿಯೊಂದನ್ನು ಕೊರೆದರೆ ಅದರ ಅಗಲ ಸುಮಾರು 608 ಪಿಕ್ಸೆಲ್ ಮಾತ್ರ; ಎಂದರೆ ಮೂಲ ಅಗಲದ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ವಸ್ತು ಇದರಾಚೆಗೆ ಚಲಿಸಿದರೆ ಕಿಟಕಿಯೂ ಅದರೊಡನೆ ಸರಿಯಬೇಕಾಗುತ್ತದೆ. ವೇದಿಕೆಯ ಮೇಲೆ ನಡೆದಾಡುವ ಉಪನ್ಯಾಸಕರಿಗೆ ಈ ಉಪಾಯ ಚೆನ್ನಾಗಿಯೇ ಒಪ್ಪುತ್ತದೆ.

ಆದರೆ ಲೋಲಕದ ಪ್ರಯೋಗವೊಂದನ್ನು ತೆಗೆದುಕೊಳ್ಳಿ. ಗುಂಡು ಎಡಗಡೆ 500ನೆಯ ಪಿಕ್ಸೆಲಿನಿಂದ ಬಲಗಡೆ 1400ನೆಯದರವರೆಗೆ ತೂಗುತ್ತಿದೆಯೆಂದು ಭಾವಿಸೋಣ. ಕಿಟಕಿಯು ಗುಂಡನ್ನು ನಿಷ್ಠೆಯಿಂದ ಹಿಂಬಾಲಿಸಿದರೆ ಆಗುವುದೇನು? ಗುಂಡು ಪರದೆಯ ನಡುಗೆರೆಯನ್ನು ಬಿಟ್ಟು ಕದಲುವುದಿಲ್ಲ. ತೂಗಾಡುವುದು ಅದರ ಹಿಂದಿನ ಸ್ಟ್ಯಾಂಡು ಮತ್ತು ಗೋಡೆ! ತುದಿಯಲ್ಲಿ ಗುಂಡು ಕ್ಷಣಕಾಲ ತಡೆದು ನಿಲ್ಲುವುದು, ಕೆಳಗೆ ಬಂದಾಗ ವೇಗವು ಅತ್ಯಧಿಕವಾಗುವುದು—ಕಲಿಯಬೇಕಾಗಿದ್ದ ಈ ಎರಡೂ ಸಂಗತಿಗಳು ಗುಂಡಿನಲ್ಲಿ ಕಾಣಿಸುವುದೇ ಇಲ್ಲ. ವಸ್ತು ಉಳಿಯಿತು, ಚಲನೆ ಹೋಯಿತು. ಇದನ್ನು ಪತ್ತೆಹಚ್ಚುವುದು ಸುಲಭ: ಗೋಡೆಯ ಮೊಳೆಯಂತಹ ಸ್ಥಿರವಾದ ಗುರುತೊಂದನ್ನು ದಿಟ್ಟಿಸಿ ನೋಡಿ. ಅದು ಓಡಾಡಿದರೆ ಕಿಟಕಿ ಓಡಾಡುತ್ತಿದೆಯೆಂದರ್ಥ.

ಚಲನೆಯೇ ವಿಷಯವಾದಾಗ ಕಿಟಕಿ ನಿಂತಿರಬೇಕು. ಅಗಲ ಸಾಲದಿದ್ದರೆ ಕಿಟಕಿಯ ಆಕಾರವನ್ನು ಬದಲಿಸಬೇಕು. ನಮ್ಮ ಗುಂಡು 900 ಪಿಕ್ಸೆಲ್‌ಗಳಷ್ಟು ಹರಹಿನಲ್ಲಿ ತೂಗುವುದರಿಂದ 1080ರ ಚೌಕ ಸಾಕು. ತೂಗಾಟದ ನಡುಬಿಂದು 950. ಅದರಲ್ಲಿ ಚೌಕದ ಅರ್ಧ 540ನ್ನು ಕಳೆದರೆ 410. ಚೌಕವನ್ನು ಅಲ್ಲಿಂದ ಕೊರೆದು, ಮೇಲೂ ಕೆಳಗೂ 420 ಪಿಕ್ಸೆಲ್ ಕಪ್ಪುಪಟ್ಟಿಯನ್ನು ಸೇರಿಸುವ ಆದೇಶ ಹೀಗಿದೆ:

```
ffmpeg -i in.mp4 -vf "crop=1080:1080:410:0,pad=1080:1920:0:420" -c:a copy out.mp4
```

ಕಪ್ಪುಪಟ್ಟಿ ಅಂದಗೆಡಿಸುತ್ತದೆಂದು ಆಕ್ಷೇಪಿಸುವವರುಂಟು. 608ರ ಕಿಟಕಿಯನ್ನು ಪರದೆ ತುಂಬಿಸಲು ಸುಮಾರು 1.8 ಪಟ್ಟು ಹಿಗ್ಗಿಸಬೇಕೆಂಬುದನ್ನೂ, ಆಗ ದಾರದಂತಹ ತೆಳುಗೆರೆಗಳು ಮಸುಕಾಗುವುದನ್ನೂ ಅವರು ಗಮನಿಸಲಿ. ಚೌಕವನ್ನು ಹಿಗ್ಗಿಸಬೇಕಾಗಿಯೇ ಇಲ್ಲ. ಮೇಲಿನ ಪಟ್ಟಿಯಲ್ಲಿ ಪ್ರಯೋಗದ ಹೆಸರನ್ನೂ ದಾರದ ಉದ್ದವನ್ನೂ ಬರೆಯಬಹುದು. ಕೆಳಗಿನದನ್ನು ಖಾಲಿ ಬಿಡುವುದು ಮೇಲು, ಏಕೆಂದರೆ ಶಾರ್ಟ್ಸ್, ರೀಲ್ಸ್‌ಗಳ ಶೀರ್ಷಿಕೆ ಅಲ್ಲಿಯೇ ಬಂದು ಕೂರುತ್ತದೆ.

ತೂಗಾಟ 1080ನ್ನೂ ಮೀರಿದರೆ ಈ ಚೌಕವೂ ಸಾಲದು. ಆಗ ಇಡೀ ಚಿತ್ರವನ್ನೇ ಕುಗ್ಗಿಸಿ, ಪರದೆಯ ಮೂರನೆಯ ಒಂದು ಪಾಲಿಗಿಂತ ತುಸು ಕಡಿಮೆ ಎತ್ತರದಲ್ಲಿ ತೃಪ್ತರಾಗಬೇಕು. ಇಲ್ಲವೇ ಗುಂಡನ್ನು ಇನ್ನಷ್ಟು ಕಿರಿದಾಗಿ ತೂಗಿಸಿ ಪ್ರಯೋಗವನ್ನು ಮತ್ತೊಮ್ಮೆ ಚಿತ್ರೀಕರಿಸಬೇಕು.