ಎಷ್ಟು ಚೀಲ ತಪ್ಪುತ್ತೆ, ಅದನ್ನ ಹೇಳು

ದಸರಾ ರಜೆಗೆ ಊರಿಗೆ ಹೋದಾಗ ಸೋದರಮಾವನ ಕಿರಾಣಿ ಅಂಗಡಿಯಲ್ಲಿ ಎರಡು ದಿನ ಕೂತಿದ್ದೆ. ಕ್ಲಾಸಿನಲ್ಲಿ ಆಗಷ್ಟೇ ಫೋರ್‌ಕಾಸ್ಟಿಂಗ್ ಮುಗಿದಿತ್ತು. ಕೈ ಸುಮ್ಮನಿರಲಿಲ್ಲ. ಬಿಲ್ ಬುಕ್ ತಗೊಂಡು ಜನವರಿಯಿಂದ ಸೆಪ್ಟೆಂಬರ್‌ವರೆಗೆ ಪ್ರತಿ ತಿಂಗಳು ಸೋನಾ ಮಸೂರಿ ಅಕ್ಕಿ, 25 ಕೆಜಿ ಚೀಲ, ಎಷ್ಟು ಹೋಗಿದೆ ಅಂತ ಎಕ್ಸೆಲ್‌ಗೆ ಹಾಕಿದೆ. ಮೂರು ತಿಂಗಳ ಮೂವಿಂಗ್ ಆವರೇಜ್ ತೆಗೆದೆ. ಅಂದರೆ ಹಿಂದಿನ ಮೂರು ತಿಂಗಳ ಮಾರಾಟದ ಸರಾಸರಿಯೇ ಮುಂದಿನ ತಿಂಗಳ ಅಂದಾಜು. ಆಮೇಲೆ ಹೆಮ್ಮೆಯಿಂದ ಹೇಳಿದೆ: "ಮಾವ, ನನ್ನ ಅಂದಾಜಿನಲ್ಲಿ ಎರರ್ ಬರೀ 12.7 ಪರ್ಸೆಂಟ್."

ಮಾವ ತಕ್ಕಡಿಯಿಂದ ಕಣ್ಣು ತೆಗೆಯದೆ, "ಅಕ್ಕೀಲಿ ನಂಗೆ ಅಷ್ಟು ಲಾಭಾನೇ ಇಲ್ಲ ಕಣೋ" ಅಂದ್ರು.

ಅವರಿಗೆ ಪರ್ಸೆಂಟ್ ಅಂದರೆ ಮಾರ್ಜಿನ್. ನನ್ನ ಉತ್ತರ ಸರಿಯಿತ್ತು, ಆದರೆ ಅವರು ಕೇಳದ ಪ್ರಶ್ನೆಗೆ. ಅವರಿಗೆ ಬೇಕಿದ್ದದ್ದು ಇಷ್ಟೇ: ಮಂಡಿಗೆ ಫೋನ್ ಮಾಡಿ ಎಷ್ಟು ಚೀಲ ಹೇಳಬೇಕು, ಹೇಳಿದ್ದು ಎಷ್ಟು ಚೀಲ ಹೆಚ್ಚುಕಮ್ಮಿ ಆಗಬಹುದು. ಆದ್ದರಿಂದ ಅದೇ ಲೆಕ್ಕವನ್ನು ಚೀಲದಲ್ಲೇ ಬರೆದು ತೋರಿಸಿದೆ. ಜನವರಿ 62, ಫೆಬ್ರವರಿ 57, ಮಾರ್ಚ್ 61. ಅಲ್ಲಿಂದ ಮುಂದೆ ಹೀಗೆ:

| ತಿಂಗಳು | ಹೋದ ಚೀಲ | ಅಂದಾಜು | ವ್ಯತ್ಯಾಸ |
|---|---|---|---|
| ಏಪ್ರಿಲ್ | 65 | 60 | +5 |
| ಮೇ | 78 | 61 | +17 |
| ಜೂನ್ | 58 | 68 | −10 |
| ಜುಲೈ | 65 | 67 | −2 |
| ಆಗಸ್ಟ್ | 57 | 67 | −10 |
| ಸೆಪ್ಟೆಂಬರ್ | 66 | 60 | +6 |

ಇಲ್ಲೊಂದು ಮೋಸವಿದೆ. ಕೊನೆಯ ಕಾಲಮ್ಮನ್ನು ಪ್ಲಸ್ ಮೈನಸ್ ಸಮೇತ ಕೂಡಿದರೆ ಬರೋದು 6. ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ ಒಂದೇ ಚೀಲ ತಪ್ಪಿದಂತೆ ಕಾಣುತ್ತೆ! ಆದರೆ ಮೇನಲ್ಲಿ ಕಮ್ಮಿ ಬಿದ್ದ 17 ಚೀಲಕ್ಕೆ ಜೂನ್‌ನಲ್ಲಿ ಉಳಿದ 10 ಚೀಲ ಸಮಾಧಾನ ಹೇಳೋದಿಲ್ಲ. ಗಿರಾಕಿ ಮೇ ತಿಂಗಳಲ್ಲೇ ಎದುರಂಗಡಿಗೆ ಹೋಗಿಯಾಗಿರುತ್ತೆ. ಚಿಹ್ನೆ ಬಿಟ್ಟು ಕೂಡಿದರೆ 50, ಅಂದರೆ ತಿಂಗಳಿಗೆ ಸರಾಸರಿ ಎಂಟು ಚೀಲಕ್ಕಿಂತ ಸ್ವಲ್ಪ ಹೆಚ್ಚು. ಅಂದಾಜು ಸದಾ ಒಂದೇ ಕಡೆಗೆ ವಾಲುತ್ತಿದೆಯಾ ಅಂತ ತಿಳಿಯೋಕೆ ಮೊದಲನೇ ಲೆಕ್ಕ ಬೇಕು. ಎಷ್ಟು ತಪ್ಪುತ್ತೆ ಅಂತ ಅಂಗಡಿಯವರಿಗೆ ಹೇಳೋಕೆ ಎರಡನೆಯದೇ ಬೇಕು.

"ಎಂಟು ಚೀಲ" ಅಂದಕೂಡಲೇ ಮಾವನ ಮುಖ ಬದಲಾಯಿತು. ಪಟ್ಟಿ ಈಸ್ಕೊಂಡು ಮೇ ಮೇಲೆ ಬೆರಳಿಟ್ಟರು. "ಇದ್ರಲ್ಲಿ ಹದಿನೆಂಟು ಚೀಲ ಎರಡು ಮದ್ವೆ ಮನೇದು. ಅವ್ರು ಹದಿನೈದು ದಿನ ಮುಂಚೇನೇ ಹೇಳಿರ್ತಾರೆ. ಅದನ್ನ ಯಾಕೋ ಅಂದಾಜು ಮಾಡ್ತೀಯ?"

ಇದು ನಮ್ಮ ಪಠ್ಯಪುಸ್ತಕದಲ್ಲಿರೋ ಮಾತೇ, ಆದರೆ ನನಗೆ ಅರ್ಥವಾಗಿದ್ದು ಅಲ್ಲಿ. ಮೂವಿಂಗ್ ಆವರೇಜ್‌ಗೆ ಮದುವೆ ಗೊತ್ತಿಲ್ಲ. 78 ಅನ್ನೋ ಅಂಕಿ ಒಂದು ಸಲ ಒಳಗೆ ಬಂದರೆ ಮೂರು ತಿಂಗಳು ಅಲ್ಲೇ ಕೂತಿರುತ್ತೆ. ಅದಕ್ಕೇ ಜೂನ್, ಜುಲೈ, ಆಗಸ್ಟ್ ಮೂರೂ ತಿಂಗಳ ಅಂದಾಜು ಆರಾರು ಚೀಲ ಉಬ್ಬಿದ್ದು. ಮೂರೂ ಸಲ ವ್ಯತ್ಯಾಸ ಮೈನಸ್ ಬಂದಿದೆ ನೋಡಿ. ಒಂದು ದೊಡ್ಡ ಪ್ಲಸ್, ಅದರ ಹಿಂದೆ ಸಾಲಾಗಿ ಮೈನಸ್ ಕಂಡರೆ ಎಲ್ಲೋ ಒಂದು ಒಂಟಿ ಘಟನೆ ಸರಾಸರಿಯೊಳಗೆ ನುಗ್ಗಿದೆ ಅಂತ ಅನುಮಾನ ಪಡಬೇಕು.

ಮದುವೆ ಚೀಲಗಳನ್ನು ಬೇರೆ ಕಾಲಮ್ಮಿಗೆ ಹಾಕಿ, ಮೇ ತಿಂಗಳ ಮಾಮೂಲಿ ಮಾರಾಟ 60 ಅಂತ ತಿದ್ದಿದೆ. ಈಗ ಏಪ್ರಿಲ್‌ನಿಂದ ವ್ಯತ್ಯಾಸಗಳು +5, −1, −4, +4, −4, +6. ಚಿಹ್ನೆ ಬಿಟ್ಟು ಕೂಡಿದರೆ 24, ತಿಂಗಳಿಗೆ ನಾಲ್ಕು ಚೀಲ. ಸೂತ್ರ ಅದೇ, ತಪ್ಪು ಅರ್ಧಕ್ಕಿಂತ ಕಮ್ಮಿ. ಮಾವ ಇಷ್ಟು ದಿನ ಮಾಡ್ತಿದ್ದ ಹಾಗೆ "ಹೋದ ತಿಂಗಳು ಎಷ್ಟೋ ಈ ತಿಂಗಳೂ ಅಷ್ಟೇ" ಅಂತ ಹೇಳಿದ್ದರೆ, ಅದೇ ತಿದ್ದಿದ ಅಂಕಿಗಳ ಮೇಲೆ ಸರಾಸರಿ ಆರು ಚೀಲದ ಹತ್ತಿರ ತಪ್ಪುತ್ತಿತ್ತು. ಈ ಹೋಲಿಕೆ ಮಾಡದೆ ನಮ್ಮ ವಿಧಾನ ಒಳ್ಳೇದು ಅಂತ ಹೇಳೋ ಹಕ್ಕು ನಮಗಿಲ್ಲ.

ಎಕ್ಸೆಲ್‌ನಲ್ಲಿ ಮಾಡೋರಿಗೆ ಒಂದು ಎಚ್ಚರಿಕೆ. B ಕಾಲಮ್ಮಿನಲ್ಲಿ B2 ಜನವರಿ ಆದರೆ, 5ನೇ ಸಾಲಿನ ಏಪ್ರಿಲ್ ಅಂದಾಜು ಮತ್ತು ಅದರ ತಪ್ಪು ಹೀಗಿರಬೇಕು:

```
C5: =AVERAGE(B2:B4)
D5: =ABS(B5-C5)
```

ಕೈತಪ್ಪಿ `B3:B5` ಅಂತ ಹಾಕಿದರೆ ಏಪ್ರಿಲ್ ಮಾರಾಟವೇ ಏಪ್ರಿಲ್ ಅಂದಾಜಿನೊಳಗೆ ಸೇರಿಕೊಳ್ಳುತ್ತೆ. ಎರರ್ ಸುಂದರವಾಗಿ ಇಳಿಯುತ್ತೆ, ಆದರೆ ತಿಂಗಳು ಮುಗಿದ ಮೇಲೆ ಹೇಳೋ ಅಂದಾಜು ಯಾರಿಗೆ ಬೇಕು?

ಇನ್ನು ಅಕ್ಟೋಬರ್ ಲೆಕ್ಕ. (65+57+66)/3, ಅಂದರೆ ಹತ್ತಿರಹತ್ತಿರ 63. ಬರೀ 63 ಅಂತ ಹೇಳಿದ್ದರೆ ಅದು ಅರ್ಧ ಉತ್ತರ. ನಾನು ಹೇಳಿದ್ದು: "ಮಾವ, 63 ಹೋಗಬಹುದು. ಸಾಮಾನ್ಯವಾಗಿ ನಾಲ್ಕು ಚೀಲ ಆಕಡೆ ಈಕಡೆ ಆಗುತ್ತೆ. ಈ ಆರು ತಿಂಗಳಲ್ಲಿ ಅತಿ ಹೆಚ್ಚು ಕಮ್ಮಿ ಬಿದ್ದಿದ್ದು ಆರು ಚೀಲ. ಮದುವೆ ಆರ್ಡರ್ ಬಂದರೆ ಅದು ಇದರ ಮೇಲೆ." ಎಷ್ಟು ತರಿಸಬೇಕು ಅಂತ ನಾನು ಹೇಳಲಿಲ್ಲ, ಅದು ಅವರೇ ಹೇಳಿದರು: "ಹಂಗಾದ್ರೆ ಅರವತ್ತೊಂಬತ್ತು ಇರ್ಲಿ. ಅಕ್ಕಿ ಉಳಿದ್ರೆ ಮುಂದಿನ ತಿಂಗಳು ಹೋಗುತ್ತೆ. ಅಕ್ಕಿ ಇಲ್ಲ ಅಂದ್ರೆ ಗಿರಾಕಿ ಬೇಳೆ, ಎಣ್ಣೇನೂ ಅಲ್ಲೇ ತಗೊಂಡ್ಬಿಡ್ತಾರೆ." ಬ್ರೆಡ್ ಆಗಿದ್ದರೆ ಅವರು ಇದನ್ನೇ ತಿರುಗಿಸಿ ಹೇಳುತ್ತಿದ್ದರು, ಯಾಕಂದರೆ ಉಳಿದ ಬ್ರೆಡ್ ಕಸಕ್ಕೆ. ಕಮ್ಮಿ ಬಿದ್ದರೆ ಎಷ್ಟು ನಷ್ಟ, ಉಳಿದರೆ ಎಷ್ಟು ನಷ್ಟ ಅನ್ನೋದು ನನ್ನ ಶೀಟಿನಲ್ಲಿ ಇರಲಿಲ್ಲ, ಅವರ ತಲೆಯಲ್ಲಿತ್ತು.

ಆರು ತಿಂಗಳ ಲೆಕ್ಕದಿಂದ ಬಂದ "ಆರು ಚೀಲ" ಗ್ಯಾರಂಟಿ ಅಲ್ಲ, ಅದನ್ನೂ ಹೇಳಿದ್ದೇನೆ. ಇದೇ ವಿಧಾನ ಬೆಲ್ಲಕ್ಕೆ ನಡೆಯೋದಿಲ್ಲ ಅಂತಲೂ ಹೇಳಿದ್ದೇನೆ. ಹಬ್ಬ ಬಂದಾಗ ಮೂವಿಂಗ್ ಆವರೇಜ್ ಹಿಂದೆ ಉಳಿಯುತ್ತೆ, ಹಬ್ಬ ಹೋದ ಮೇಲೆ ಉಬ್ಬಿ ಕೂರುತ್ತೆ. ಹೋದ ವರ್ಷದ ಅದೇ ತಿಂಗಳು ನೋಡೋಣ ಅಂದರೆ ಅದೂ ಕೈಕೊಡುತ್ತೆ: ಗಣೇಶ ಚತುರ್ಥಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. ಬೆಲ್ಲಕ್ಕೆ ಇಂಗ್ಲಿಷ್ ಕ್ಯಾಲೆಂಡರ್‌ಗಿಂತ ಪಂಚಾಂಗ ಮುಖ್ಯ.

ಹೊರಡೋ ಮುಂಚೆ ಮಾವ ಇನ್ನೊಂದು ಮಾತು ಹೇಳಿದರು. ಆಗಸ್ಟ್ ಕೊನೆಯ ಮೂರು ದಿನ ಅಂಗಡಿಯಲ್ಲಿ ಅಕ್ಕಿಯೇ ಇರಲಿಲ್ಲವಂತೆ! ಹಾಗಾದರೆ 57 ಅನ್ನೋದು ಹೋದ ಚೀಲ, ಜನ ಕೇಳಿದ ಚೀಲ ಅಲ್ಲ. ಬಿಲ್ ಬುಕ್‌ನಲ್ಲಿ ವಾಪಸ್ ಹೋದ ಗಿರಾಕಿಯ ಹೆಸರು ಇರೋದಿಲ್ಲ. ಆದ್ದರಿಂದ ಅಕ್ಟೋಬರ್‌ಗೆ ನಾನು ಕೊಟ್ಟ 63 ಸ್ವಲ್ಪ ಕಮ್ಮಿಯೇ ಇರಬಹುದು.

ನಮ್ಮ ಮಿನಿ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಎರರ್ ಕೊನೆಯ ಪುಟದಲ್ಲಿ, ಪರ್ಸೆಂಟ್‌ನಲ್ಲಿ, ಎರಡು ಡೆಸಿಮಲ್‌ಗೆ ಇರುತ್ತೆ. ನನ್ನ ಅಭಿಪ್ರಾಯ, ಅದನ್ನು ಅಂಗಡಿಯವರ ಅಳತೆಯಲ್ಲಿ, ತಿಂಗಳ ಪ್ರಕಾರ, ಮೊದಲೇ ಅವರ ಮುಂದೆ ಇಡಬೇಕು. ಎಂಟು ಚೀಲ ಅಂದಿದ್ದಕ್ಕೇ ಮದುವೆ ವಿಷಯ ಹೊರಬಂತು. 12.7 ಪರ್ಸೆಂಟ್ ಅಂತಲೇ ನಿಲ್ಲಿಸಿದ್ದರೆ ಮಾವ ತಕ್ಕಡಿ ನೋಡ್ತಾನೇ ಇರುತ್ತಿದ್ದರು.

ಈಗ ಕ್ಯಾಶ್ ಡ್ರಾಯರ್ ಪಕ್ಕ ಒಂದು ಹಳೇ ನೋಟ್‌ಬುಕ್ ನೇತಾಡ್ತಿದೆ. "ಇಲ್ಲ" ಅಂತ ಕಳಿಸಿದಾಗಲೆಲ್ಲ ಒಂದು ಗೀಟು.