ಉಗಿ ಅಂದ್ರ ಹಗೂರ ತಿಳೀಬ್ಯಾಡ್ರಿ

ಹುಡುಗ್ಯಾರಿಗೆ ಅಡಗಿ ಕಲಿಸೋ ಮುಂದ "ಕುದಿಯೋ ನೀರದ, ಹುಷಾರು" ಅಂತ ಹತ್ತು ಸಲ ಹೇಳ್ತೀವಿ. ಉಗಿ ಬಗ್ಗೆ ಯಾರೂ ಅಷ್ಟು ಹೇಳಂಗಿಲ್ಲ. ಯಾರಿಗರೆ ಇಡ್ಲಿ ಪಾತ್ರಿ ಉಗಿ ಬಡದ್ರ "ಬರೇ ಉಗಿ, ನೀರೇನ್ ಬಿದ್ದಿಲ್ಲಲಾ" ಅಂತ ಸಮಾಧಾನ ಮಾಡ್ತೀವಿ. ಈ ಮಾತು ಉಲ್ಟಾ ಅದ ಅಂತೀನಿ ನಾ. ತೂಕ ಒಂದ ಇದ್ರ, ಕುದಿಯೋ ನೀರಿಗಿಂತ ಉಗೀನ ಭಾಳ ಸುಡ್ತದ.

ಎರಡೂ 100 ಡಿಗ್ರೀನ ಅಲ್ಲೇನು, ಮತ್ತ ಫರಕ್ ಯಾಕ ಅಂತೀರಿ. ಉತ್ತರ ನಮ್ಮ ಒಲಿ ಮ್ಯಾಲನ ಅದ. ಒಂದು ಲೀಟರ್ ನೀರು 30 ಡಿಗ್ರಿಯಿಂದ ಕುದಿ ಬರಾಕ 7 ನಿಮಿಷ ಹಿಡೀತು ಅನ್ಕೊಳ್ರಿ. ಅದ ಉರಿಯೊಳಗ ಆ ನೀರು ಪೂರಾ ಬತ್ತಬೇಕಂದ್ರ ಮತ್ತ 50 ನಿಮಿಷಕ್ಕಿಂತ ಹೆಚ್ಚ ಬೇಕು. ಅಷ್ಟೊತ್ತೂ ಗ್ಯಾಸ್ ಉರೀತನ ಇರ್ತದ, ಆದ್ರ ನೀರಿನ ಬಿಸಿ 100 ದಾಟಂಗಿಲ್ಲ. ಹಂಗಾರ ಆ ಕಾವೆಲ್ಲಾ ಎಲ್ಲಿ ಹೋತು? ನೀರನ್ನ ಉಗಿ ಮಾಡಾಕ ಖರ್ಚಾತು, ಉಗಿ ಅದನ್ನ ಹೊತ್ಕೊಂಡು ಹೋತು. ಥರ್ಮಾಮೀಟರಿಗೆ ಕಾಣಂಗಿಲ್ಲ ಅಂತ ಇದಕ್ಕ ಸಾಲಿ ಪುಸ್ತಕದಾಗ ಗುಪ್ತೋಷ್ಣ ಅಂತಾರ. 1760ರ ದಶಕದಾಗ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಅನ್ನೋರು ಹಿಂಗ ಕುದಿ ಬರೋ ಹೊತ್ತು, ಬತ್ತೋ ಹೊತ್ತು ಎರಡನ್ನೂ ಹೋಲಿಸಿ ನೋಡಿದ್ರು.

ಈಗ ಉಗಿ ನಿಮ್ಮ ಕೈಗೆ ತಾಕ್ತು. ಅದಕ್ಕಿಂತ ಚರ್ಮ ತಂಪು, ಅದಕ್ಕ ಉಗಿ ಅಲ್ಲೇ ತಿರುಗಿ ನೀರಾಗ್ತದ. ಆಗೋ ಮುಂದ ಒಲಿ ಕಡಿಂದ ಇಸ್ಕೊಂಡ ಕಾವನ್ನ ನಿಮ್ಮ ಚರ್ಮಕ್ಕ ಒಮ್ಮೆಲೇ ಕೊಟ್ಟುಬಿಡ್ತದ. ಒಂದು ಗ್ರಾಂ ಕುದಿಯೋ ನೀರು ಮೈಬಿಸಿಗೆ, ಅಂದ್ರ 37 ಡಿಗ್ರಿಗೆ ಇಳಿಯೋದ್ರಾಗ 63 ಕ್ಯಾಲೊರಿ ಕೊಡ್ತದ. ಒಂದು ಗ್ರಾಂ ಉಗಿ ಮೊದಲ ನೀರಾಗೋದ್ರಾಗನ 540 ಕೊಡ್ತದ, ಆಮ್ಯಾಲ ಆ ನೀರಿನ 63 ಬ್ಯಾರೆ. ಕೂಡಿ 603. ಒಂಬತ್ತೂವರಿ ಪಟ್ಟು ಆತು.

ಇಡ್ಲಿ ಪಾತ್ರಿ ಲೆಕ್ಕಾನ ಹಿಡೀರಿ. ಒಳಗಿನ ಖಾಲಿ ಜಾಗಾ 5 ಲೀಟರ್ ಇದ್ದು ಪೂರಾ ಉಗಿ ತುಂಬಿದ್ರೂ ಆ ಉಗಿ ತೂಕ ಬರೇ 3 ಗ್ರಾಂ. ನೀರಾದ್ರ ಸಣ್ಣ ಚಮಚಾದಾಗ ಅರ್ಧಕ್ಕಿಂತ ಸ್ವಲ್ಪ ಮ್ಯಾಲ. ಆದ್ರ ಅದಷ್ಟೂ ಕೈಮ್ಯಾಲ ಕೂತ್ರ, ಆರು ಚಮಚಾದಷ್ಟು ಕುದಿಯೋ ನೀರಿನ ಕಾವು ಕೊಟ್ಟಂಗ. ಖರೇನ ಎಲ್ಲಾ ಉಗಿ ಕೈಗೇ ಬರಂಗಿಲ್ಲ, ಒಂದಿಷ್ಟು ಗಾಳಿಗೆ ಹೋಗ್ತದ. ಆದ್ರ ಕೆಳಗ ಗ್ಯಾಸ್ ಹತ್ತಿದ್ರ ಹೊಸಾ ಉಗಿ ಬರ್ತನ ಇರ್ತದ. ನೀರಾದ್ರ ಜಾರಿ ಹೋಗ್ತದ; ಉಗಿ ಬಳಿ ಸಂದಿ, ತೋಳಿನ ಒಳಗ ಎಲ್ಲಾ ಕಡೆ ಹೊಕ್ಕು ಅಲ್ಲೇ ನೀರಾಗ್ತದ.

ಇನ್ನೊಂದು ಮೋಸ ಅದ. ನಾವು ಬೆಳ್ಳಗ ಕಾಣೋದಕ್ಕ ಉಗಿ ಅಂತೀವಿ. ಅದು ಆಗಲೇ ತಂಪಾಗಿ ಸಣ್ಣ ಹನಿ ಆಗಿದ್ದು, ತನ್ನ ದೊಡ್ಡ ಕಾವು ಬಿಟ್ಟು ಬಂದದ್ದು. ಕಿಟಲಿ ಬಾಯಿ ನೋಡ್ರಿ, ಬಾಯಿಗೂ ಬಿಳೀ ಹೊಗಿಗೂ ನಡುವ ಒಂದು ಬೆರಳಷ್ಟು ಏನೂ ಕಾಣಂಗಿಲ್ಲ. ಖರೇ ಉಗಿ ಅಲ್ಲೇ ಅದ. ಕಾಣಲಾರದ ಜಾಗಾನ ಹೆಚ್ಚು ಸುಡ್ತದ.

ಅದಕ್ಕ ನನ್ನ ಮಾತಿಷ್ಟ: ಇಡ್ಲಿ ಆದ ಕೂಡಲೇ ಮುಚ್ಚಳಾ ಕಿತ್ತೋ ಅವಸರ ಬ್ಯಾಡ. ಗ್ಯಾಸ್ ಬಂದ್ ಮಾಡ್ರಿ, ಎರಡು ನಿಮಿಷ ತಡೀರಿ. ಮುಚ್ಚಳಾ ತಗಿಯೋ ಮುಂದ ನಮ್ಮ ಕಡೆ ಅಂಚು ಕೆಳಗನ ಇರಲಿ, ಆಕಡೆ ಅಂಚು ಮೊದಲ ಏಳಲಿ. ಮುಚ್ಚಳಾನ ನಮಗ ಢಾಲಾಗ್ತದ. ಮಾರಿ ಬಗ್ಗಿಸಿ ಇಣುಕಬ್ಯಾಡ್ರಿ.

ಹಂಗಂತ ನೀರಿನ ಅಂಜಿಕಿ ಬಿಡಬ್ಯಾಡ್ರಿ. ನಾ ಹೇಳಿದ್ದು ತೂಕಕ್ಕ ತೂಕದ ಲೆಕ್ಕ. ಒಂದು ತಪೇಲಿ ಕುದಿಯೋ ನೀರು ಮೈಮ್ಯಾಲ ಬಿತ್ತಂದ್ರ ಅದು ಸಣ್ಣ ಉಗಿ ಹೊಡತಕ್ಕಿಂತ ಘೋರ. ಹುಡುಗರು ನೆಗಡಿಗೆ ಉಗಿ ತಗೊಳ್ಳೋವಾಗೂ ಆ ಬೋಗಾಣಿ ಮಗುಚಿ ಬೀಳೋದ ದೊಡ್ಡ ಅಪಾಯ.

ಉಗಿ ಬಡದ್ರ "ಬರೇ ಉಗಿ" ಅಂತ ಕೂಡಬ್ಯಾಡ್ರಿ. ಬಾವು ಬರೋದ್ರಾಗ ಬಳಿ, ಉಂಗುರ ತಗೀರಿ. ನಳದ ತಂಪು ನೀರು ಪೂರಾ 20 ನಿಮಿಷ ಬಿಡ್ರಿ. ಬರ್ಫ ಬ್ಯಾಡ, ಪೇಸ್ಟ್ ಬ್ಯಾಡ, ಎಣ್ಣಿನೂ ಬ್ಯಾಡ. ಮಾರಿಗೆ ಬಡದಿದ್ರ, ಅಂಗೈಗಿಂತ ದೊಡ್ಡ ಗುಳ್ಳಿ ಎದ್ದಿದ್ರ, ಇಲ್ಲಾ ಸುಟ್ಟ ಜಾಗಾ ಬೆಳ್ಳಗಾಗಿ ನೋವ ಗೊತ್ತಾಗಲಿಲ್ಲಂದ್ರ ಸೀದಾ ದವಾಖಾನಿಗೆ ಹೋಗ್ರಿ. ನೋವಿಲ್ಲಂದ್ರ ಗಾಯ ಸಣ್ಣದು ಅಂತಲ್ಲ, ಒಳಗಿನ ತನಕಾ ಸುಟ್ಟದ ಅಂತ ಅರ್ಥ.